ಮಿಡಿಗೆ ತೊಟ್ಟು ಯಾಕಿದೆ?

(ಮನೆಯಲ್ಲೇ ಉಪ್ಪಿನಕಾಯಿ, ಹಪ್ಪಳ, ಜೋನಿಬೆಲ್ಲ ಮಾಡಿ ಮಾರುವವರು ಶಿವಮೊಗ್ಗದಲ್ಲಿ ಸೇರಿದ್ದಾಗ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಉಪ್ಪಿನಕಾಯಿ ಹಾಕಲು ಬರುವುದಿಲ್ಲ. ತಿನ್ನಲು ಚೆನ್ನಾಗಿ ಬರುತ್ತದೆ. ನನ್ನ ಕೆಲಸ ಬಾಟಲಿ ಮೇಲೆ ಅಂಟಿಸುವ ಚೀಟಿ ಬರೆಯುವುದು. ಈಗೀಗ ಚೀಟಿಯ ಜೊತೆ ವಾಟ್ಸಾಪ್ ಸ್ಟೇಟಸ್ಸಿಗೆ ನಾಲ್ಕು ಸಾಲು, ಫೋಟೊ ಕೆಳಗೆ ಎರಡು ಸಾಲು ಬರೆದುಕೊಡುವುದೂ ಸೇರಿಕೊಂಡಿದೆ. ಹಾಗಾಗಿ ಇವತ್ತು ರುಚಿಯ ಬಗ್ಗೆ ನಿಮಗೆ ಪಾಠ ಹೇಳುವ ಧೈರ್ಯ ಮಾಡುವುದಿಲ್ಲ. ನೀವು ಅಡುಗೆಮನೆಯ ಹಿಂದೆ, ತೋಟದಲ್ಲಿ, ಜಗಲಿಯಲ್ಲಿ ಮಾಡುವ ಕೆಲಸವನ್ನು ಕೊಳ್ಳುವವರಿಗೆ ಹೇಗೆ ಹೇಳುವುದು ಎಂಬುದಷ್ಟೇ ನನ್ನ ವಿಷಯ. ಎಲ್ಲ ಪದಾರ್ಥಕ್ಕೂ ಕೈ ಹಾಕದೆ ಒಂದನ್ನೇ ಹಿಡಿದು ಮಾತಾಡುತ್ತೇನೆ. ಅಪ್ಪೆಮಿಡಿ ಉಪ್ಪಿನಕಾಯಿ.

ಇಲ್ಲಿ ಮೇಜಿನ ಮೇಲೆ ನೀವು ಇಟ್ಟಿರುವ ಬಾಟಲಿಗಳನ್ನು ಬರುವಾಗ ಓದಿಕೊಂಡು ಬಂದೆ. 'ಮಲೆನಾಡಿನ ಮಡಿಲಿನಿಂದ' ಎಂದು ಒಂದು. 'ಅಜ್ಜಿಯ ಕೈರುಚಿ' ಎಂದು ಒಂದಕ್ಕಿಂತ ಹೆಚ್ಚು. 'ಪ್ರೀತಿ ಬೆರೆಸಿ ತಯಾರಿಸಿದ್ದು' ಎಂಬುದೂ ಇದೆ. ಯಾವುದೂ ಸುಳ್ಳಲ್ಲ. ಆದರೆ ರಾತ್ರಿ ಯಾರೋ ಬಂದು ಈ ಚೀಟಿಗಳನ್ನೆಲ್ಲ ಅದಲುಬದಲು ಮಾಡಿ ಹೋದರೆ ಬೆಳಿಗ್ಗೆ ನಿಮಗೇ ಗೊತ್ತಾಗುವುದಿಲ್ಲ, ಅಲ್ವಾ? ಅಮಟೆಕಾಯಿ ಬಾಟಲಿಗೂ ಅದೇ ಹೊಂದುತ್ತದೆ, ಹಲಸಿನ ಹಪ್ಪಳಕ್ಕೂ ಅದೇ ಹೊಂದುತ್ತದೆ. ಬೆಂಗಳೂರಿನಲ್ಲಿ ಕಾರ್ಖಾನೆಯಲ್ಲಿ ಮಾಡಿದ ಉಪ್ಪಿನಕಾಯಿಗೂ ಹೊಂದುತ್ತದೆ. ಅವರೂ ಅದನ್ನೇ ಬರೆಯುತ್ತಾರೆ, ನಮಗಿಂತ ಚೆಂದದ ಕಾಗದದ ಮೇಲೆ.

ಇದೇ ತೊಂದರೆ ನೂರು ವರ್ಷಕ್ಕೂ ಹಿಂದೆ ಅಮೆರಿಕದಲ್ಲಿ ಒಬ್ಬರಿಗೆ ಎದುರಾಗಿತ್ತು. ಅದು ಬಿಯರಿನ ಕಥೆ, ಉಪ್ಪಿನಕಾಯಿ ಸಭೆಯಲ್ಲಿ ಹೇಳುತ್ತಿದ್ದೇನೆ, ಹಿರಿಯರು ಬೈಯಬಾರದು. ಮಿಲ್ವಾಕಿ ಎಂಬ ಊರಿನಲ್ಲಿ ಶ್ಲಿಟ್ಸ್ ಎಂಬ ಬಿಯರ್ ಕಂಪನಿ. ಆಗ ಎಲ್ಲ ಬಿಯರ್ ಕಂಪನಿಗಳೂ ಜಾಹೀರಾತಿನಲ್ಲಿ 'ಶುದ್ಧ, ಶುದ್ಧ' ಎಂದು ಕೂಗುತ್ತಿದ್ದವು. ದೊಡ್ಡ ಅಕ್ಷರದಲ್ಲಿ ಕೂಗಿದರೂ ಅಷ್ಟೇ, ಸಣ್ಣ ಅಕ್ಷರದಲ್ಲಿ ಕೂಗಿದರೂ ಅಷ್ಟೇ. ಶ್ಲಿಟ್ಸ್‌ನವರು ಕ್ಲಾಡ್ ಹಾಪ್ಕಿನ್ಸ್ ಎಂಬ ಜಾಹೀರಾತು ಬರೆಯುವವನನ್ನು ಕರೆಸಿದರು. ಅವನು ಬರೆಯಲು ಕೂರುವ ಮೊದಲು ಕಾರ್ಖಾನೆ ನೋಡಬೇಕು ಎಂದ. ಒಳಗೆ ಹೋಗಿ ನೋಡಿದರೆ ಗಾಜಿನ ಗೋಡೆಯ ಕೋಣೆ. ಸೋಸಿದ ಗಾಳಿ ಮಾತ್ರ ಒಳಗೆ ಬರುತ್ತದೆ, ಅಲ್ಲಿ ಕೊಳವೆಗಳ ಮೇಲೆ ಬಿಯರ್ ಇಳಿಸಿ ತಣಿಸುತ್ತಾರೆ. ಬಾಟಲಿಗಳನ್ನು ಯಂತ್ರದಲ್ಲಿ ನಾಲ್ಕು ಸಲ ತೊಳೆಯುತ್ತಾರೆ. ಪಕ್ಕದಲ್ಲೇ ಸಮುದ್ರದಂಥ ಮಿಶಿಗನ್ ಸರೋವರ ಇದ್ದರೂ ಸಾವಿರಾರು ಅಡಿ ಆಳದ ಬಾವಿಯಿಂದ ನೀರು ತೆಗೆಯುತ್ತಾರೆ. ಹಾಪ್ಕಿನ್ಸ್‌ಗೆ ಆಶ್ಚರ್ಯ. ಇದನ್ನೆಲ್ಲ ಜನಕ್ಕೆ ಯಾಕೆ ಹೇಳಿಲ್ಲ ಎಂದು ಕೇಳಿದ. ಅದರಲ್ಲಿ ಹೇಳುವುದೇನಿದೆ, ಒಳ್ಳೆಯ ಬಿಯರ್ ಮಾಡುವವರೆಲ್ಲ ಹೀಗೇ ಮಾಡುವುದು ಎಂದರು ಅವರು.

ಅವನು ಹೊಸದೇನೂ ಕಟ್ಟಲಿಲ್ಲ. ಕಂಡದ್ದನ್ನು ಬರೆದ. ಐದನೇ ಸ್ಥಾನದಲ್ಲಿದ್ದ ಕಂಪನಿ ಕೆಲವೇ ತಿಂಗಳಲ್ಲಿ ಮೊದಲನೆಯವರ ಸಮಕ್ಕೆ ಬಂತು ಎಂದು ಮುಂದೆ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಜಾಹೀರಾತಿನವರು ತಮ್ಮ ಬಗ್ಗೆ ಹೇಳಿಕೊಂಡದ್ದರಲ್ಲಿ ಸ್ವಲ್ಪ ಕಳೆದೇ ನಂಬಬೇಕು, ನಾನೂ ಅದೇ ಜಾತಿಯವನು. ಆದರೆ ಆ ಮಾಲೀಕರ ಉತ್ತರ ಇದೆಯಲ್ಲ, ಎಲ್ಲರೂ ಹೀಗೇ ಮಾಡುವುದು ಎಂಬುದು, ಅದನ್ನು ನಾನು ನಮ್ಮ ಕಡೆ ಪ್ರತಿ ಮನೆಯಲ್ಲೂ ಕೇಳಿದ್ದೇನೆ.

ಸಾಗರದ ಕಡೆಯ ಒಬ್ಬ ಅಕ್ಕನ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಅವರು ವರ್ಷವೂ ಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ರುಚಿಗೆ ಹೆಸರಿಡುವಂತಿಲ್ಲ, ಅಷ್ಟು ಚೆನ್ನಾಗಿರುತ್ತದೆ. ಆದರೆ ಹೊಸಬರು ಫೋನ್ ಮಾಡಿ, ಅಂಗಡಿಯಲ್ಲಿ ಇದಕ್ಕಿಂತ ಕಡಿಮೆಗೆ ಸಿಗುತ್ತದೆ, ನಿಮ್ಮದೇಕೆ ಜಾಸ್ತಿ ಎಂದು ಕೇಳುತ್ತಿದ್ದರು. ಚೀಟಿ ಬರೆದುಕೊಡು ಎಂದು ನನ್ನನ್ನು ಕರೆಸಿದರು.

"ಹೇಗೆ ಮಾಡ್ತೀರಿ ಅಕ್ಕಾ?" ಎಂದು ಕೇಳಿದೆ.

"ಎಲ್ಲರೂ ಮಾಡೋ ಹಾಗೇ. ಮಿಡಿ ತರೋದು, ಉಪ್ಪಲ್ಲಿ ಹಾಕೋದು, ಚಿರುಟಿದ ಮೇಲೆ ಖಾರ ಹಾಕೋದು. ಅದರಲ್ಲಿ ಕಥೆ ಏನಿದೆ ಮಾರಾಯಾ?"

ಹೀಗೆ ಕೇಳಿದರೆ ಕಥೆ ಸಿಗುವುದಿಲ್ಲ. ಕೈ ಅಭ್ಯಾಸವಾದವರಿಗೆ ತಾವು ಮಾಡುವುದು ಕಾಣುವುದೇ ಇಲ್ಲ. ಹಾಗಾಗಿ ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಯಾವುದನ್ನು ಬೇಡ ಅಂತೀರಿ? ಯಾವ ಮಿಡಿಯನ್ನು ತೆಗೆದು ಬಿಸಾಡುತ್ತೀರಿ? ಎಲ್ಲಿ ಸುಲಭದ ದಾರಿ ಇದ್ದರೂ ಕಷ್ಟದ್ದನ್ನೇ ಹಿಡಿಯುತ್ತೀರಿ? ಈ ಪ್ರಶ್ನೆ ಕೇಳಿದ ಮೇಲೆ ಆ ಅಕ್ಕ ಮಾತು ನಿಲ್ಲಿಸಲೇ ಇಲ್ಲ.

ನಿಮಗೆ ಗೊತ್ತಿರುವುದೇ, ಆದರೂ ಅವರು ಹೇಳಿದ ಕ್ರಮದಲ್ಲಿ ಹೇಳುತ್ತೇನೆ. ಅಪ್ಪೆಮಿಡಿ ಎಂದರೆ ಹೊಳೆದಂಡೆಯಲ್ಲಿ, ಹಳ್ಳದ ಬದಿಯಲ್ಲಿ ತಾನಾಗಿ ಬೆಳೆದ ಕಾಡುಮಾವಿನ ಮರದ ಎಳೆಕಾಯಿ. ಒಂದೊಂದು ಮರಕ್ಕೆ ಒಂದೊಂದು ವಾಸನೆ. ಜೀರಿಗೆ ಮಿಡಿ ಮುರಿದರೆ ಜೀರಿಗೆಯದೇ ಪರಿಮಳ. ಅನಂತಭಟ್ಟನ ಅಪ್ಪೆ, ಮಾಳಂಜಿ, ಕಂಚಪ್ಪೆ, ದೊಂಬೆಸರ ಎಂದು ಮರಕ್ಕೂ ಊರಿಗೂ ಹೆಸರು ಅಂಟಿಕೊಂಡಿದೆ. ಕೊಯ್ಲು ಫೆಬ್ರವರಿಯಿಂದ ಏಪ್ರಿಲ್ ಒಳಗೆ. ಅದರಲ್ಲೂ ಒಂದು ಮರಕ್ಕೆ ಸಿಗುವ ಹೊತ್ತು ಬಹಳ ಸಣ್ಣದು. ಒಳಗೆ ಗೊರಟು ಗಟ್ಟಿಯಾಗುವ ಮೊದಲೇ ಕೊಯ್ಯಬೇಕು. ತಡವಾದರೆ ಅದು ಮಿಡಿಯಲ್ಲ, ಕಾಯಿ.

ಈಗ ಮುಖ್ಯವಾದದ್ದು. ಕೊಯ್ಯುವವರು ಮರ ಹತ್ತುತ್ತಾರೆ. ಎತ್ತರದ ಮರ, ತುದಿ ಕೊಂಬೆ ಸಣ್ಣ, ಕೆಳಗೆ ಹಳ್ಳ. ಕೊಂಬೆ ಅಲ್ಲಾಡಿಸಿ ಉದುರಿಸಿದರೆ ಅರ್ಧ ಗಂಟೆಯ ಕೆಲಸ. ಆದರೆ ನೆಲಕ್ಕೆ ಬಿದ್ದ ಮಿಡಿಗೆ ಪೆಟ್ಟಾಗುತ್ತದೆ. ಆ ಹೊತ್ತಿಗೆ ಹೊರಗಿನಿಂದ ಏನೂ ಕಾಣುವುದಿಲ್ಲ. ಉಪ್ಪಿನಲ್ಲಿ ಹಾಕಿ ಕೆಲವು ವಾರ ಕಳೆದ ಮೇಲೆ ಪೆಟ್ಟು ಬಿದ್ದ ಜಾಗ ಮೆತ್ತಗಾಗುತ್ತದೆ, ಲೊಳೆಯಾಗುತ್ತದೆ. ಒಂದು ಮಿಡಿ ಹಾಳಾದರೆ ಸುತ್ತಲಿನದಕ್ಕೂ ತಾಗುತ್ತದೆ. ಅದಕ್ಕೇ ಗೊಂಚಲನ್ನು ಕೈಯಲ್ಲಿ ಕೊಯ್ದು, ಸೊಂಟಕ್ಕೋ ಕೊಂಬೆಗೋ ಕಟ್ಟಿದ ಬುಟ್ಟಿಯಲ್ಲಿ ಹಾಕಿ, ಹಗ್ಗ ಬಿಟ್ಟು ಕೆಳಗಿಳಿಸುವುದು. ಕೈಗೆ ಸಿಗದ ಕಡೆ ಬಲೆ ಕಟ್ಟಿದ ದೋಟಿ.

ಇನ್ನು ತೊಟ್ಟು. ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯಬೇಕು. ತೊಟ್ಟು ಕಿತ್ತುಬಂದರೆ ಆ ಜಾಗದಿಂದ ಸೊನೆ ಚಿಮ್ಮುತ್ತದೆ. ಅಪ್ಪೆಮಿಡಿಯ ಪರಿಮಳ ಇರುವುದು ಬಹುಪಾಲು ಆ ಸೊನೆಯಲ್ಲೇ. ಸೊನೆ ಹೊರಗೆ ಹೋದರೆ ಪರಿಮಳವೂ ಹೋಯಿತು, ಕಿತ್ತ ಜಾಗದಲ್ಲಿ ಬಾಯಿ ತೆರೆದ ಗಾಯವೂ ಉಳಿಯಿತು. ಸಂಜೆ ಜಗಲಿಯಲ್ಲಿ ಮಿಡಿ ಸುರಿದುಕೊಂಡು ಮನೆಯವರೆಲ್ಲ ಕೂತು ಆರಿಸುತ್ತಾರೆ. ತೊಟ್ಟಿಲ್ಲದ್ದು, ಪೆಟ್ಟು ಬಿದ್ದದ್ದು, ಚುಕ್ಕೆ ಇದ್ದದ್ದು ಒಂದು ಕಡೆ. ಅದು ಮನೆಯ ಗೊಜ್ಜಿಗೆ, ಅಪ್ಪೆಹುಳಿಗೆ. ಮಾರುವ ಜಾಡಿಗೆ ಹೋಗುವುದಿಲ್ಲ.

ಆಮೇಲೆ ನಾಲ್ಕು ಪಾಲು ಮಿಡಿಗೆ ಹೆಚ್ಚುಕಡಿಮೆ ಒಂದು ಪಾಲು ಕಲ್ಲುಪ್ಪು, ಒಂದು ಪದರ ಮಿಡಿ, ಒಂದು ಪದರ ಉಪ್ಪು. ದಿನಾ ಕೈಯಾಡಿಸುವುದು. ಎರಡು ಮೂರು ವಾರದಲ್ಲಿ ಮಿಡಿ ನೀರು ಬಿಟ್ಟು ಚಿರುಟುತ್ತದೆ. ಆ ಉಪ್ಪುನೀರನ್ನು ಕುದಿಸಿ, ಆರಿಸಿ, ಅದರಲ್ಲೇ ಸಾಸಿವೆ, ಮೆಣಸು, ಅರಿಶಿನ ರುಬ್ಬುವುದು. ಬೇರೆ ನೀರು ಸೋಕಿಸುವಂತಿಲ್ಲ.

ನೋಡಿ, ಏನೂ ಕಥೆ ಇಲ್ಲ ಎಂದವರ ಹತ್ತಿರ ಎಷ್ಟಿತ್ತು! ಈಗ ಇನ್ನೊಂದು ತೊಂದರೆ. ಇದನ್ನೆಲ್ಲ ಚೀಟಿಯಲ್ಲಿ ತುಂಬಿದರೆ ಯಾರೂ ಓದುವುದಿಲ್ಲ. ಒಂದನ್ನೇ ಆರಿಸಬೇಕು. ಯಾವುದನ್ನು?

ಅಕ್ಕನಿಗೆ ಉಪ್ಪುನೀರು ಕುದಿಸುವುದನ್ನು ಹೇಳಬೇಕು ಅಂತಿತ್ತು. ಅವರ ಮನೆಯವರಿಗೆ ಮರದ ಎತ್ತರವನ್ನು. ನಾನು ತೊಟ್ಟು ಎಂದೆ. ಕಾರಣ ಇದು. ಕೊಳ್ಳುವವರು ಮರವನ್ನು ನೋಡಿಲ್ಲ, ಜಗಲಿಯನ್ನು ನೋಡಿಲ್ಲ, ಉಪ್ಪುನೀರು ಕುದಿಸಿದ್ದನ್ನು ನೋಡಿಲ್ಲ. ನಾವು ಹೇಳಿದ್ದನ್ನು ಸುಮ್ನೆ ನಂಬಬೇಕು. ಆದರೆ ತೊಟ್ಟು ಅವರ ತಟ್ಟೆಯಲ್ಲೇ ಬಂದು ಬೀಳುತ್ತದೆ. ನಾವು ಹೇಳಿದ್ದು ನಿಜವೋ ಸುಳ್ಳೋ ಎಂದು ಮುಚ್ಚಳ ತೆಗೆದು ನೋಡಬಹುದು. ಹಿಂದೆ ನಡೆದ ಕೆಲಸದ ಒಂದು ಗುರುತು ಪದಾರ್ಥದ ಮೇಲೇ ಉಳಿದಿದ್ದರೆ, ಕಥೆಯನ್ನು ಆ ಗುರುತಿಗೆ ಕಟ್ಟಬೇಕು. ಆಗ ಅನ್ನದ ಜೊತೆ ಮಿಡಿ ಕಚ್ಚುವಾಗೆಲ್ಲ ಆ ಕಥೆ ಮತ್ತೆ ನೆನಪಿಗೆ ಬರುತ್ತದೆ, ನೀವು ಮತ್ತೆ ಹೇಳಬೇಕಾಗಿಲ್ಲ.

ಇನ್ನೊಂದು ವಿಚಾರವೂ ಇತ್ತು. ಪಟ್ಟಣದಲ್ಲಿ ಬೆಳೆದ ಹುಡುಗರಿಗೆ ಆ ತೊಟ್ಟು ಒಂದು ಕಸ. ಕಡ್ಡಿ ಬಂದಿದೆ ಎಂದು ದೂರು ಹೇಳಿದವರೂ ಇದ್ದರಂತೆ! ಅದೇ ಕಡ್ಡಿಗೆ ಒಬ್ಬ ಮನುಷ್ಯ ಮರದ ತುದಿಗೆ ಹೋಗಿದ್ದ ಎಂದು ಗೊತ್ತಾದರೆ ಅವರು ಅದನ್ನು ನೋಡುವ ರೀತಿಯೇ ಬೇರೆ.

ಕೊನೆಗೆ ಚೀಟಿ ಹೀಗಾಯಿತು:

"ಈ ಮಿಡಿಗಳಿಗೆ ತೊಟ್ಟು ಇದೆ, ನೋಡಿ. ತೊಟ್ಟು ಕಿತ್ತರೆ ಸೊನೆ ಹೋಗುತ್ತದೆ, ಸೊನೆ ಹೋದರೆ ಪರಿಮಳ ಹೋಗುತ್ತದೆ. ಅದಕ್ಕೇ ಕೊಂಬೆ ಅಲ್ಲಾಡಿಸಿ ಉದುರಿಸುವುದಿಲ್ಲ. ಮರ ಹತ್ತಿ, ಕೈಯಲ್ಲಿ ಕೊಯ್ದು, ಬುಟ್ಟಿಯಲ್ಲಿ ಹಗ್ಗ ಬಿಟ್ಟು ಇಳಿಸುತ್ತೇವೆ. ತೊಟ್ಟಿಲ್ಲದ ಮಿಡಿಯನ್ನು ನಾವೇ ಗೊಜ್ಜು ಮಾಡಿಕೊಂಡು ತಿನ್ನುತ್ತೇವೆ. ನಿಮ್ಮ ಬಾಟಲಿಯಲ್ಲಿ ಅಂಥದ್ದು ಬಂದರೆ ಫೋನ್ ಮಾಡಿ."

ಅಷ್ಟೇ. ಇದರಲ್ಲಿ ಪ್ರೀತಿ ಎಂಬ ಮಾತಿಲ್ಲ, ಅಜ್ಜಿಯೂ ಇಲ್ಲ. 'ನಾವೇ ಗೊಜ್ಜು ಮಾಡಿಕೊಂಡು ತಿನ್ನುತ್ತೇವೆ' ಎಂಬ ಸಾಲನ್ನು ಅಕ್ಕ ಮೊದಲು ತೆಗೆ ಎಂದರು. ಮನೆಯ ವಿಷಯ, ಚೀಟಿಯಲ್ಲಿ ಯಾಕೆ ಎಂದು. ನಾನು ಬಿಡಲಿಲ್ಲ. ಆಮೇಲೆ ಫೋನ್ ಮಾಡಿದವರು ಹೆಚ್ಚು ಮಾತಾಡಿದ್ದು ಅದೇ ಸಾಲಿನ ಬಗ್ಗೆ. ಆ ಗೊಜ್ಜು ಹೇಗೆ ಮಾಡುವುದು ಎಂದು ಕೇಳುತ್ತಿದ್ದರಂತೆ. ನಿಮ್ಮದೇಕೆ ಜಾಸ್ತಿ ಎಂದು ಕೇಳುವ ಗಿರಾಕಿ ನಿಮ್ಮನ್ನು ಅಂಗಡಿಯಂತೆ ನೋಡುತ್ತಾನೆ. ಗೊಜ್ಜಿಗೆ ಬೆಲ್ಲ ಎಷ್ಟು ಹಾಕ್ತೀರಿ ಎಂದು ಕೇಳುವವಳು ನಿಮ್ಮನ್ನು ನೆಂಟರಂತೆ ನೋಡುತ್ತಾಳೆ.

ಕೊನೆಯ ಸಾಲು, ಫೋನ್ ಮಾಡಿ ಎಂಬುದು, ಅಪಾಯದ ಸಾಲು. ಅದನ್ನು ಬರೆದ ಮೇಲೆ ಸಂಜೆಯ ಆರಿಸುವ ಕೆಲಸದಲ್ಲಿ ಸೋಮಾರಿತನ ಮಾಡುವಂತಿಲ್ಲ. ಅಷ್ಟು ಖಾತರಿ ಇಲ್ಲದಿದ್ದರೆ ಬರೆಯಬೇಡಿ.

ಇನ್ನು ಮರ ಹತ್ತುವವರ ವಿಷಯ. ಕಥೆಯಲ್ಲಿ ಅವರು ಬಂದೇ ಬರುತ್ತಾರೆ. ಎರಡು ತಪ್ಪು ಇಲ್ಲಿ ಸಾಮಾನ್ಯವಾಗಿ ಆಗುತ್ತದೆ. ಒಂದು, ಅವರನ್ನು ಕೇಳದೆ ಫೋಟೊ ಹಾಕುವುದು. ನಮ್ಮ ವ್ಯಾಪಾರಕ್ಕೆ ಅವರ ಮುಖ ಬಳಸುತ್ತೇವೆ ಎಂದರೆ ಮೊದಲು ತೋರಿಸಿ, ಒಪ್ಪಿಗೆ ಕೇಳಿ, ಬೇಡ ಎಂದರೆ ಕೈ ಮತ್ತು ಬುಟ್ಟಿ ಮಾತ್ರ ಕಾಣುವಂತೆ ತೆಗೆಯಿರಿ. ಎರಡನೆಯದು, ಅವರನ್ನು ಪಾಪದವರಂತೆ ತೋರಿಸುವುದು. ಹರಿದ ಅಂಗಿ, ಬೆವರು, ಹಿಂದೆ ಅಳುವ ಪಿಟೀಲು. ನೋಡಿದವರು ಅಯ್ಯೋ ಎನ್ನುತ್ತಾರೆ, ಒಂದು ಬಾಟಲಿ ಕೊಳ್ಳುತ್ತಾರೆ. ಎರಡನೆಯದು ಕೊಳ್ಳುವುದಿಲ್ಲ, ಏಕೆಂದರೆ ಅಯ್ಯೋ ಎನ್ನುವುದು ಒಂದು ಸಲಕ್ಕೇ ಮುಗಿಯುತ್ತದೆ. ಮತ್ತೆ, ಅಷ್ಟು ಕಷ್ಟ ಇದ್ದರೆ ನೀವು ಕೂಲಿ ಎಷ್ಟು ಕೊಡುತ್ತೀರಿ ಎಂದು ಜಾಣರು ಕೇಳಿಯೇ ಕೇಳುತ್ತಾರೆ. ಮರ ಹತ್ತುವವನು ಕಸುಬುದಾರ. ಯಾವ ಕೊಂಬೆ ತಾಳುತ್ತದೆ, ಯಾವ ಗೊಂಚಲು ನಾಳೆಗೆ ಬಿಡಬೇಕು ಎಂಬುದು ಅವನಿಗೆ ಗೊತ್ತು. ಅದನ್ನು ಅವನ ಬಾಯಲ್ಲೇ ಹೇಳಿಸಿ.

ಇಲ್ಲಿ ಒಂದು ಪರೀಕ್ಷೆಯ ಬಗ್ಗೆ ಹೇಳಬೇಕು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ರಯಾನ್ ಬ್ಯುಯೆಲ್ ಮತ್ತು ಜೊತೆಯವರು ಒಂದು ಕ್ಯಾಂಟೀನಿನಲ್ಲಿ ವಿಡಿಯೊ ಪರದೆ ಇಟ್ಟು ನೋಡಿದರು. ಅವರ ಬರಹ 2017ರಲ್ಲಿ ಪ್ರಕಟವಾಯಿತು. ಕೆಲವು ಹೊತ್ತು ಊಟದವರಿಗೆ ಅಡುಗೆಯವರು ಕಾಣುತ್ತಿದ್ದರು. ಕೆಲವು ಹೊತ್ತು ಅಡುಗೆಯವರಿಗೆ ಊಟದವರು ಕಾಣುತ್ತಿದ್ದರು. ಕೆಲವು ಹೊತ್ತು ಇಬ್ಬರಿಗೂ ಇಬ್ಬರೂ. ಅಡುಗೆಯವರಿಗೆ ಊಟದವರು ಕಂಡಾಗಲೇ ಊಟದವರ ಮೆಚ್ಚುಗೆ ಸುಮಾರು ಶೇಕಡಾ 10 ಏರಿತು. ಇಬ್ಬರಿಗೂ ಕಂಡಾಗ ಸುಮಾರು ಶೇಕಡಾ 17. ಕಾರಣ ನಮಗೂ ಗೊತ್ತಿರುವುದೇ. ಯಾರಿಗೆ ಬಡಿಸುತ್ತಿದ್ದೇವೆ ಎಂದು ಕಂಡರೆ ಕೈ ಬೇರೆ ಥರ ಓಡುತ್ತದೆ, ನನ್ನ ಕೆಲಸ ಯಾರೋ ನೋಡುತ್ತಿದ್ದಾರೆ, ಮೆಚ್ಚುತ್ತಿದ್ದಾರೆ ಎಂಬ ಖುಷಿ.

ನಾವು ತೆರೆಮರೆಯ ಕಥೆ ಎಂದರೆ ಒಂದೇ ದಿಕ್ಕಿನಲ್ಲಿ ಯೋಚಿಸುತ್ತೇವೆ. ಇಲ್ಲಿಂದ ಅಲ್ಲಿಗೆ. ಅಲ್ಲಿಂದ ಇಲ್ಲಿಗೆ ಬರುವುದೂ ಇದೆ. ಆ ಅಕ್ಕನ ಮನೆಯಲ್ಲಿ ಈಗ ಗಿರಾಕಿಗಳು ಕಳಿಸುವ ಫೋಟೊಗಳನ್ನು, ಮೊಸರನ್ನದ ಪಕ್ಕ ಒಂದು ಮಿಡಿ ಇಟ್ಟ ತಟ್ಟೆ, ಹಾಸ್ಟೆಲಿನ ಮೇಜಿನ ಮೇಲಿನ ಬಾಟಲಿ, ಇಂಥವನ್ನು ಮರ ಹತ್ತುವವರಿಗೂ ತೋರಿಸುತ್ತಾರೆ. "ಇದು ನಾ ಕೊಯ್ದದ್ದೇ, ಹಳ್ಳದ ಬದಿ ಮರದ್ದು" ಎಂದು ಒಬ್ಬರು ಆಕಾರ ನೋಡಿಯೇ ಹೇಳಿದರಂತೆ. ಆ ಮಾತನ್ನು ಅಕ್ಕ ಫೋಟೊ ಕಳಿಸಿದವರಿಗೆ ವಾಪಸ್ ಬರೆದರು. ಅಂಥ ಗಿರಾಕಿ ಬೇರೆ ಕಡೆ ಹೋಗುವುದು ಕಷ್ಟ.

ಈಗ ಕಥೆ ಕೈಕೊಡುವ ಜಾಗಕ್ಕೆ ಬರುತ್ತೇನೆ. ಕಥೆ ಚೆನ್ನಾಗಿ ಓಡಿದರೆ ಬೇಡಿಕೆ ಏರುತ್ತದೆ. ಮರ ಏರುವುದಿಲ್ಲ. ಅಪ್ಪೆ ಮರ ಪ್ರತಿ ವರ್ಷ ಒಂದೇ ಥರ ಬಿಡುವುದಿಲ್ಲ. ಹೂವು ಬಿಟ್ಟಾಗ ಮೋಡ ಕವಿದರೆ, ಅಕಾಲದ ಮಳೆ ಬಂದರೆ, ಜಿಗಿಹುಳ ಬಿದ್ದರೆ ಆ ವರ್ಷ ಮಿಡಿ ಇಲ್ಲ. ಆಗ ಪೇಟೆಗೆ ಬಂದ ಮಿಡಿ ತರುವ ಆಸೆ ಆಗುತ್ತದೆ. ಅದನ್ನು ಹೇಗೆ ಕೊಯ್ದರೋ ಗೊತ್ತಿಲ್ಲ. ಹತ್ತಲು ಪುರುಸೊತ್ತಿಲ್ಲದೆ ಕೊಂಬೆಯನ್ನೇ ಕಡಿದು ಕೆಡವಿ ಮಿಡಿ ಬಿಡಿಸುವವರೂ ಇದ್ದಾರೆ, ನಿಮಗೆಲ್ಲ ಗೊತ್ತು. ಕೊಂಬೆ ಹೋದ ಮರ ಮತ್ತೆ ಚೇತರಿಸಿಕೊಂಡು ಫಸಲು ಕೊಡಲು ವರ್ಷಗಳೇ ಬೇಕು. ಅಂಥ ಮಿಡಿಯನ್ನು ತಂದು, ಮರ ಹತ್ತಿ ಕೈಯಲ್ಲಿ ಕೊಯ್ದದ್ದು ಎಂಬ ಚೀಟಿ ಅಂಟಿಸಿದರೆ ಅದು ಮೋಸ. ಸಿಕ್ಕಿಬೀಳುವುದೂ ಸುಲಭ, ತೊಟ್ಟಿಲ್ಲದ ಮಿಡಿ ಬಾಟಲಿಯಲ್ಲೇ ಸಾಕ್ಷಿ ಹೇಳುತ್ತದೆ.

ಅಂಥ ವರ್ಷ ಏನು ಮಾಡಬೇಕು? ಅದನ್ನೇ ಹೇಳಬೇಕು. ಹೋದ ಸಲ ಮಿಡಿ ಕಡಿಮೆಯಾದಾಗ ಅಕ್ಕ ಹಳೆಯ ಗಿರಾಕಿಗಳಿಗೆಲ್ಲ ಒಂದು ಸಂದೇಶ ಕಳಿಸಿದರು. ಹೂವು ಕರಗಿ ನಿಂತ ಮರದ ಫೋಟೊ, ಕೆಳಗೆ ಎರಡು ಸಾಲು. 'ಜೀರಿಗೆ ಮಿಡಿಯ ಮರ ಈ ವರ್ಷ ಕೈಕೊಟ್ಟಿದೆ. ಮನೆಗೆ ಒಂದೇ ಬಾಟಲಿ ಕೊಡಬಹುದು, ಬೇಕಾದವರು ಮೊದಲೇ ಹೇಳಿ.' ಇದು ಮಾರಾಟದ ತಂತ್ರ ಅಂದುಕೊಳ್ಳಬೇಡಿ. ತಂತ್ರವೆಂದು ಮಿಡಿ ಇದ್ದ ವರ್ಷವೂ ಇದನ್ನೇ ಕಳಿಸಿದರೆ ಎರಡನೇ ಸಲಕ್ಕೆ ಜನ ನಗುತ್ತಾರೆ. ಕೆಲಸದ ಹಿಂದಿನ ಕಥೆ ಎಂದರೆ ಚೆಂದದ್ದಷ್ಟೇ ಅಲ್ಲ, ಕೆಟ್ಟ ಫಸಲೂ ಅದರೊಳಗೇ ಬರುತ್ತದೆ. ಒಂದು ವರ್ಷ ಇಲ್ಲ ಎಂದು ಕೇಳಿಸಿಕೊಂಡವರು ಮರುವರ್ಷ ಮಾರ್ಚಿನಲ್ಲಿ ತಾವಾಗಿ ಫೋನ್ ಮಾಡಿ, ಮರ ಹೇಗಿದೆ ಎಂದು ಕೇಳುತ್ತಾರೆ. ಉಪ್ಪಿನಕಾಯಿ ಹೇಗಿದೆ ಎಂದಲ್ಲ, ಮರ ಹೇಗಿದೆ ಎಂದು.

ಕಾನೂನಿನ ಮಾತು ಒಂದೆರಡು, ಬೇಗ ಮುಗಿಸುತ್ತೇನೆ. ಚೀಟಿಯಲ್ಲಿ ಬರೆಯುವ ಕೆಲವು ಮಾತುಗಳಿಗೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳಲ್ಲಿ ಷರತ್ತುಗಳಿವೆ. ನ್ಯಾಚುರಲ್, ಫ್ರೆಶ್, ಟ್ರೆಡಿಷನಲ್, ಪ್ಯೂರ್, ಇಂಥವನ್ನು ಬಾಯಿಗೆ ಬಂದ ಹಾಗೆ ಹಾಕುವಂತಿಲ್ಲ. ಉಪ್ಪು, ಖಾರ, ಸಾಸಿವೆ ಎಲ್ಲ ಸೇರಿದ ಪದಾರ್ಥವನ್ನು ನ್ಯಾಚುರಲ್ ಎಂದು ಕರೆಯಲು ಬರುವುದಿಲ್ಲ. ತೊಟ್ಟಿನ ಕಥೆಗೆ ಈ ತಲೆನೋವಿಲ್ಲ, ಏಕೆಂದರೆ ಅದು ಬರೀ ಏನು ಮಾಡಿದೆವು ಎಂದು ಹೇಳುತ್ತದೆ. ಹಾಗೇ ಅಪ್ಪೆಮಿಡಿಗೆ ಭೌಗೋಳಿಕ ಗುರುತು, ಜಿಐ, ಸಿಕ್ಕಿದೆ. ಆ ಗುರುತಿನ ಮುದ್ರೆಯನ್ನು ಬಾಟಲಿ ಮೇಲೆ ಹಾಕಬೇಕಾದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಇಂಟರ್ನೆಟ್ಟಿನಿಂದ ಮುದ್ರೆ ತೆಗೆದು ಅಂಟಿಸಬೇಡಿ.

ಕಥೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಹೇಗೆ ತಿಳಿಯುವುದು? ಲೈಕು ಎಣಿಸಿ ಪ್ರಯೋಜನವಿಲ್ಲ. ಲೈಕ್ ಒತ್ತುವವರಲ್ಲಿ ಅರ್ಧ ನಿಮ್ಮ ನೆಂಟರೇ. ಒಂದೇ ಸಲ ಹಾಕಿದ ಉಪ್ಪಿನಕಾಯಿಯ ಅರ್ಧ ಬಾಟಲಿಗಳಿಗೆ ಹಳೆಯ ಚೀಟಿ, ಅರ್ಧಕ್ಕೆ ಹೊಸದು ಅಂಟಿಸಿ. ಬೆಲೆ ಒಂದೇ ಇರಲಿ. ಯಾರಿಗೆ ಯಾವುದು ಹೋಯಿತು ಎಂದು ಪುಸ್ತಕದಲ್ಲಿ ಬರೆದಿಡಿ. ಮತ್ತೆ ಕೇಳಿ ಬಂದವರು ಯಾರು, ಫೋನಿನಲ್ಲಿ ಏನು ಕೇಳಿದರು ಎಂದು ಪಕ್ಕದಲ್ಲೇ ಗುರುತು ಹಾಕಿ. ಕಡಿಮೆಗೆ ಕೊಡ್ತೀರಾ ಎಂಬ ಪ್ರಶ್ನೆ ಕಡಿಮೆಯಾಗಿ, ಮಿಡಿಯ ಬಗ್ಗೆ, ಮರದ ಬಗ್ಗೆ, ಗೊಜ್ಜಿನ ಬಗ್ಗೆ ಪ್ರಶ್ನೆ ಜಾಸ್ತಿಯಾಗಿದ್ದರೆ ಕಥೆ ತಲುಪಿದೆ. ನಿಮ್ಮ ಚೀಟಿಯ ಮಾತನ್ನು ಗಿರಾಕಿಯೇ ಇನ್ನೊಬ್ಬರಿಗೆ ಹೇಳಿ, ಆ ಇನ್ನೊಬ್ಬರು ನಿಮಗೆ ಫೋನ್ ಮಾಡಿ ಅದನ್ನೇ ಹೇಳಿದರೆ, ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು ಬಂದವು.

ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ಒಬ್ಬರು ಕೇಳಿದರು. "ಎಲ್ಲಾ ಬಿಚ್ಚಿ ಹೇಳಿದ್ರೆ ಪಕ್ಕದವರು ಕದಿಯೋದಿಲ್ವಾ?"

ಖಾರದ ಅಳತೆ ಹೇಳಬೇಡಿ ಎಂದೆ. ಸಾಸಿವೆ ಎಷ್ಟು, ಮೆಣಸು ಯಾವುದು, ಅದು ನಿಮ್ಮ ಮನೆಯದು. ತೊಟ್ಟಿನ ಸಮೇತ ಕೊಯ್ಯಬೇಕು ಎಂಬುದು ಮಲೆನಾಡಿಗೆಲ್ಲ ಗೊತ್ತು, ಅದರಲ್ಲಿ ಗುಟ್ಟಿಲ್ಲ. ಪಕ್ಕದವರೂ ಅದನ್ನೇ ಬರೆದರೆ ಬರೆಯಲಿ. ಮೊದಲು ಹೇಳಿದವರ ಹೆಸರು ಜನರ ತಲೆಯಲ್ಲಿ ಉಳಿಯುತ್ತದೆ. ಆ ಬಿಯರ್ ಕಂಪನಿಗೂ ಆದದ್ದು ಅದೇ. ಬೇರೆಯವರೂ ಬಾಟಲಿ ತೊಳೆಯುತ್ತಿದ್ದರು, ಆದರೆ ಆಮೇಲೆ ನಾವೂ ತೊಳೆಯುತ್ತೇವೆ ಎಂದರೆ ಕೇಳುವವರಾರು?

ಹಲಸಿನ ಹಪ್ಪಳ ಮಾಡುವ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ನಾವು ಈಗ ಒತ್ತೋಕೆ ಮಷಿನ್ ಇಟ್ಟಿದ್ದೇವೆ. ಕೈಯಲ್ಲಿ ಮಾಡಿದ್ದು ಅಂತ ಬರೆಯೋ ಹಾಗಿಲ್ಲ. ನಮಗೇನು ಕಥೆ?"

ಒಳ್ಳೆಯ ಪ್ರಶ್ನೆ. ಮಷಿನ್ ಇದೆ ಎಂದೇ ತೋರಿಸಿ. ಮುಚ್ಚಿಟ್ಟು, ಮಣೆಯ ಮೇಲೆ ಲಟ್ಟಿಸುವ ಹಳೇ ಫೋಟೊ ಹಾಕಿದರೆ ಒಂದು ದಿನ ಗೊತ್ತಾಗುತ್ತದೆ. ನೀವು ಬೇಡ ಎನ್ನುವುದು ಯಾವುದು ಎಂದು ಅವಳನ್ನೂ ಕೇಳಿದೆ. ತುಂಬ ಹಣ್ಣಾದ ಹಲಸು ಬೇಡ ಎನ್ನುತ್ತೇವೆ, ಬಲಿತ ಕಾಯಿಯೇ ಆಗಬೇಕು ಎಂದಳು. ಹಣ್ಣಾದರೆ ಸಿಹಿ ಏರಿ ಹಪ್ಪಳ ಕರಿಯುವಾಗ ಬೇಗ ಕಪ್ಪಾಗುತ್ತದೆ. ಮತ್ತೆ ಮಳೆ ಬರುವ ಮೊದಲು ಒಣಗಿಸಿ ಮುಗಿಸಬೇಕು, ಮೋಡ ಕಂಡರೆ ಆ ದಿನ ಒತ್ತುವುದೇ ಇಲ್ಲ. ಮಷಿನ್ ಒತ್ತುತ್ತದೆ, ಆದರೆ ಕಾಯಿ ಯಾವುದು, ಬಿಸಿಲು ಸಾಕೋ ಎಂದು ನೋಡುವುದು ಅವರ ಅಮ್ಮ. ಕಥೆ ಅಲ್ಲೇ ಇದೆ. ಎಣ್ಣೆಗೆ ಬಿಟ್ಟಾಗ ಹಪ್ಪಳದ ಬಣ್ಣ ನೋಡಿ ಎಂದು ಚೀಟಿಯಲ್ಲಿ ಬರೆದರೆ, ಅವರಿಗೆ ಅದೇ ತೊಟ್ಟು.

ಕೊನೆಯ ಪ್ರಶ್ನೆ ರೀಲ್ಸ್ ಬಗ್ಗೆ. ವಿಡಿಯೊಗೆ ಯಾವ ಹಾಡು ಹಾಕಬೇಕು ಎಂದು ಒಬ್ಬರು ಕೇಳಿದರು. ಹಾಡು ಬೇಡ ಎಂದೆ. ಗೊಂಚಲು ಕೊಯ್ಯುವ ಸದ್ದು, ಬುಟ್ಟಿ ಇಳಿಯುವಾಗ ಕೊಂಬೆಗೆ ಹಗ್ಗ ಉಜ್ಜುವ ಸದ್ದು, ಮೇಲಿನಿಂದ ಒಬ್ಬರು "ಹಿಡೀರೋ" ಎನ್ನುವುದು, ಇಷ್ಟು ಸಾಕು. ಮೊದಲ ಎರಡು ಮೂರು ಸೆಕೆಂಡಿನಲ್ಲೇ ಕೈ ಮತ್ತು ಮಿಡಿ ಹತ್ತಿರದಿಂದ ಕಾಣಲಿ, ಬೆಟ್ಟ, ಮಂಜು, ಜಲಪಾತ ಎಲ್ಲ ಆಮೇಲೆ ಬೇಕಾದರೆ ಬರಲಿ. ಮರದ ಮೇಲಿರುವವರಿಗೆ ಕ್ಯಾಮೆರಾ ಕಡೆ ನೋಡು ಎಂದು ಕೂಗಬೇಡಿ, ಜಾರಿದರೆ ಕಷ್ಟ. ಕೆಳಗಿನವರು ತೆಗೆಯಲಿ. ತೆಗೆಯುವವರು ಮಿಡಿ ಮುಟ್ಟಬಾರದು, ಸೊನೆ ಕೈಯಲ್ಲಿ ಫೋನ್ ಹಿಡಿದರೆ ಲೆನ್ಸ್ ಮೇಲೆ ಅಂಟಿ ಎಲ್ಲ ಫೋಟೊ ಮಂಜಾಗುತ್ತದೆ.

ಮತ್ತೆ ಇದನ್ನು ಫೆಬ್ರವರಿಯಲ್ಲೇ ಶುರು ಮಾಡಿ. ಬಾಟಲಿ ಮಾರುವುದು ವರ್ಷಪೂರ್ತಿ, ಆದರೆ ಮರದ ಮೇಲಿನ ಕೆಲಸ ಸಿಗುವುದು ಆ ಕೆಲವು ವಾರ ಮಾತ್ರ. ಜೂನ್‌ನಲ್ಲಿ ಚೀಟಿ ಅಚ್ಚು ಹಾಕಿಸುವಾಗ ಫೋಟೊ ಬೇಕು ಎಂದು ನನಗೆ ಫೋನ್ ಮಾಡಿದರೆ ನಾನೇನು ಮಾಡಲಿ, ಆಗ ಮರದಲ್ಲಿ ಇರುವುದು ಬರೀ ಎಲೆ.